ಒಂದೇ ಜೋಡಿಗೆ 23 ಮತ್ತು 29: ಸಾಲಾವಳಿ ನೋಡಿದ ನನ್ನ ಅನುಭವ

ಉಡುಪಿಯಲ್ಲಿ ಜಾತಕ ನೋಡುವ ಕೆಲಸವನ್ನು ತಂದೆಯವರಿಂದ ಕಲಿತು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಕಳೆದ ಮಳೆಗಾಲದಲ್ಲಿ ಮಂಗಳೂರಿನಿಂದ ಬಂದ ಒಂದು ಕುಟುಂಬದವರು ಎರಡು ಹಾಳೆಗಳನ್ನು ನನ್ನ ಮುಂದಿಟ್ಟರು. ಹುಡುಗ ಮತ್ತು ಹುಡುಗಿ ಎರಡರಲ್ಲಿಯೂ ಅವರೇ. ಆದರೆ ಮೊಬೈಲಿನಲ್ಲಿ ತೆಗೆದ ಹಾಳೆ 36ಕ್ಕೆ 23 ಗುಣ ಎನ್ನುತ್ತಿತ್ತು, ಕೈಯಲ್ಲಿ ಬರೆಸಿದ ಹಳೆಯ ಜಾತಕದಿಂದ ಲೆಕ್ಕ ಹಾಕಿದ ಹಾಳೆ 29 ಎನ್ನುತ್ತಿತ್ತು. "ಭಟ್ರೇ, ಇದರಲ್ಲಿ ಯಾವುದನ್ನು ನಂಬುವುದು?" ಎಂದು ಹುಡುಗಿಯ ತಂದೆ ಕೇಳಿದರು.

ನಾನು ಮೊತ್ತವನ್ನು ಬಿಟ್ಟು ಎಂಟು ಕೂಟಗಳ ಅಂಕಗಳನ್ನು ಒಂದೊಂದಾಗಿ ಹೋಲಿಸಿದೆ. ತಾರಾ, ಯೋನಿ, ಗಣ, ನಾಡಿ ಈ ನಾಲ್ಕರಲ್ಲಿ ಎರಡು ಹಾಳೆಗಳೂ ಒಂದೇ ಆಗಿದ್ದವು. ವರ್ಣ, ವಶ್ಯ, ಗ್ರಹಮೈತ್ರಿ, ರಾಶಿಕೂಟ ಈ ನಾಲ್ಕರಲ್ಲಿ ಮಾತ್ರ ವ್ಯತ್ಯಾಸವಿತ್ತು. ಕಾರಣ ಅಲ್ಲಿಯೇ ತಿಳಿಯಿತು. ಮೊದಲಿನ ನಾಲ್ಕು ಕೂಟಗಳು ಜನ್ಮನಕ್ಷತ್ರದಿಂದ ಬರುತ್ತವೆ ಮತ್ತು ಅವುಗಳ ಪಾಲು 21. ಉಳಿದ ನಾಲ್ಕು ಚಂದ್ರನಿರುವ ರಾಶಿಯಿಂದ ಬರುತ್ತವೆ ಮತ್ತು ಅವುಗಳ ಪಾಲು 15. ನಕ್ಷತ್ರ ಬದಲಾಗದೆ ರಾಶಿ ಮಾತ್ರ ಬದಲಾಗಿದೆಯೆಂದರೆ, ಆ ನಕ್ಷತ್ರ ಎರಡು ರಾಶಿಗಳಲ್ಲಿ ಹಂಚಿಹೋಗಿರಲೇಬೇಕು. ಹುಡುಗನದು ಪುನರ್ವಸು, ಅದರ ಮೊದಲ ಮೂರು ಪಾದ ಮಿಥುನದಲ್ಲಿ, ನಾಲ್ಕನೆಯದು ಕರ್ಕಾಟಕದಲ್ಲಿ. ಹುಡುಗಿಯದು ಶ್ರವಣ ಮೂರನೆಯ ಪಾದ, ಮಕರ ರಾಶಿ, ಅದರಲ್ಲಿ ಸಂಶಯವಿರಲಿಲ್ಲ.

ಬದಲಾಗದ ಭಾಗವನ್ನು ಮೊದಲು ಮುಗಿಸಿದೆ. ತಾರಾಕೂಟವನ್ನು ಈಗಲೂ ನಾನು ಮಣೆಯ ಮೇಲೆ ಕವಡೆ ಇಟ್ಟು ಎಣಿಸುತ್ತೇನೆ, ಏಕೆಂದರೆ ಹೊರಡುವ ನಕ್ಷತ್ರವನ್ನೂ ಸೇರಿಸಿ ಎಣಿಸಬೇಕೆಂಬುದು ಬಾಯಿಲೆಕ್ಕದಲ್ಲಿ ತಪ್ಪಿಹೋಗುತ್ತದೆ. ಶ್ರವಣದಿಂದ ಪುನರ್ವಸುವಿಗೆ 13 ಕವಡೆ ಬಂದವು. ಒಂಬತ್ತು ಕಳೆದರೆ 4, ಅದು ಕ್ಷೇಮತಾರೆ. ಪುನರ್ವಸುವಿನಿಂದ ಶ್ರವಣಕ್ಕೆ 16 ಬಂದವು, ಶೇಷ 7. ಅದು ವಧತಾರೆ. ಶೇಷ 3, 5 ಅಥವಾ 7 ಬಂದರೆ ಅಶುಭವೆಂದು ಎಣಿಕೆ. ಒಂದು ಕಡೆ ಶುಭ, ಇನ್ನೊಂದು ಕಡೆ ಅಶುಭವಾದ್ದರಿಂದ 3ರಲ್ಲಿ ಒಂದೂವರೆ ಅಂಕ. ಒಬ್ಬರ ಜೊತೆ ಇನ್ನೊಬ್ಬರ ಆಯುಸ್ಸು, ಆರೋಗ್ಯ, ಭಾಗ್ಯ ಹೇಗೆ ನಡೆಯುತ್ತದೆ ಎಂಬುದನ್ನು ಈ ಕೂಟ ಸೂಚಿಸುತ್ತದೆಂದು ಶಾಸ್ತ್ರದ ಮಾತು.

ಯೋನಿಕೂಟ ದೇಹದ ಹೊಂದಾಣಿಕೆಯನ್ನು ಹೇಳುವಂಥದ್ದು. ಪುನರ್ವಸು ಮಾರ್ಜಾಲ, ಶ್ರವಣ ವಾನರ. ವೈರವಿಲ್ಲದ ಈ ಜೋಡಿಗೆ ನಾನು ಬಳಸುವ ಕೋಷ್ಟಕದಲ್ಲಿ 4ಕ್ಕೆ 3. ಸ್ವಭಾವವನ್ನು ನೋಡುವ ಗಣಕೂಟದಲ್ಲಿ ಇಬ್ಬರದ್ದೂ ದೇವಗಣ, ಆದ್ದರಿಂದ 6ಕ್ಕೆ 6. ಎಲ್ಲಕ್ಕಿಂತ ಹೆಚ್ಚಿನ ತೂಕವುಳ್ಳ ನಾಡಿಯಲ್ಲಿ ಹುಡುಗನದು ಆದ್ಯ, ಹುಡುಗಿಯದು ಅಂತ್ಯ. ನಾಡಿ ಬೇರೆಯಾದ್ದರಿಂದ 8ಕ್ಕೆ 8. ನಾಡಿಯನ್ನು ವಾತ, ಪಿತ್ತ, ಕಫಗಳೊಂದಿಗೆ ಸೇರಿಸಿ ಸಂತಾನದ ವಿಚಾರಕ್ಕೆ ಹೇಳುತ್ತಾರೆ. ಆದರೆ ರಕ್ತಸಂಬಂಧದಲ್ಲಿ ಮದುವೆ ಮಾಡುವವರು ನಾಡಿ ಕೂಡಿಬಂತೆಂದು ವೈದ್ಯರ ಸಲಹೆಯನ್ನು ಬಿಟ್ಟುಬಿಡಬಾರದು ಎಂದು ನಾನು ಯಾವಾಗಲೂ ಸ್ಪಷ್ಟವಾಗಿ ಹೇಳುತ್ತೇನೆ. ಹೀಗೆ ನಕ್ಷತ್ರದ ಪಾಲಿನಲ್ಲಿ ಹದಿನೆಂಟೂವರೆ ಅಂಕ ಬಂತು. 18 ಬಂದರೆ ಸಾಕು ಎನ್ನುವ ರೂಢಿಯ ಗೆರೆಯನ್ನು ಈ ಜೋಡಿ ಇಲ್ಲಿಯೇ ದಾಟಿತ್ತು.

ಇನ್ನು ರಾಶಿಯ ನಾಲ್ಕು. ವರ್ಣಕೂಟದ ಹೆಸರು ಕೇಳಿ ಜಾತಿಯ ವಿಷಯವೆಂದು ತಿಳಿಯುವವರಿದ್ದಾರೆ. ಇದು ರಾಶಿಗಳಿಗೆ ಕೊಟ್ಟ ವಿಂಗಡಣೆ, ಹುಟ್ಟಿದ ಮನೆಗೂ ಇದಕ್ಕೂ ಸಂಬಂಧವಿಲ್ಲ. ವರನ ರಾಶಿಯ ವರ್ಣ ವಧುವಿನದಕ್ಕೆ ಸಮ ಅಥವಾ ಮೇಲಿದ್ದರೆ 1 ಅಂಕ. ಮಕರ ವೈಶ್ಯ, ಮಿಥುನ ಶೂದ್ರ, ಕರ್ಕಾಟಕ ಬ್ರಾಹ್ಮಣ. ಹಾಗಾಗಿ ಮಿಥುನವಾದರೆ ಸೊನ್ನೆ, ಕರ್ಕಾಟಕವಾದರೆ 1. ಒಬ್ಬರ ಮಾತಿಗೆ ಇನ್ನೊಬ್ಬರು ಒಲಿಯುವುದನ್ನು ಹೇಳುವ ವಶ್ಯಕೂಟದಲ್ಲಿ ಮಕರದ ಉತ್ತರಾರ್ಧ ಜಲಚರ. ಅದಕ್ಕೆ ಕರ್ಕಾಟಕ ಸೇರಿದರೆ ಪೂರ್ಣ 2, ಮಿಥುನ ಸೇರಿದರೆ ಅರ್ಧ. ಈ ಕೋಷ್ಟಕಗಳಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಸಣ್ಣ ವ್ಯತ್ಯಾಸವಿದೆ.

ನಿಜವಾದ ವಿಚಾರ ಉಳಿದ ಎರಡರಲ್ಲಿತ್ತು. ಗ್ರಹಮೈತ್ರಿಯನ್ನು ನಾನು ಮನಸ್ಸಿನ ಹೊಂದಾಣಿಕೆಯ ಕೂಟವೆಂದು ಎಲ್ಲಕ್ಕಿಂತ ಹೆಚ್ಚು ಗಮನಿಸುತ್ತೇನೆ. ಮಿಥುನಕ್ಕೆ ಬುಧ, ಮಕರಕ್ಕೆ ಶನಿ ಅಧಿಪತಿ. ಶನಿಗೆ ಬುಧ ಮಿತ್ರ, ಬುಧನಿಗೆ ಶನಿ ಸಮ. ಆದ್ದರಿಂದ 5ಕ್ಕೆ 4. ಕರ್ಕಾಟಕವಾದರೆ ಅಧಿಪತಿ ಚಂದ್ರ. ಚಂದ್ರನಿಗೆ ಶನಿ ಸಮನಾದರೂ ಶನಿಗೆ ಚಂದ್ರ ಶತ್ರು, ಆದ್ದರಿಂದ ಕೇವಲ ಅರ್ಧ. ರಾಶಿಕೂಟದಲ್ಲಿ ಇದು ತಿರುಗಿಬೀಳುತ್ತದೆ. ಮಿಥುನದಿಂದ ಮಕರ ಎಂಟನೆಯದು, ಅಂದರೆ ಷಡಷ್ಟಕ; 7ಕ್ಕೆ ಸೊನ್ನೆ. ಕರ್ಕಾಟಕದಿಂದ ಮಕರ ಏಳನೆಯದು, ಸಮಸಪ್ತಕ, ಪೂರ್ಣ 7. ಹೀಗೆ ರಾಶಿಯ ಪಾಲಿನಲ್ಲಿ ಒಂದು ಕಡೆ ನಾಲ್ಕೂವರೆ, ಇನ್ನೊಂದು ಕಡೆ ಹತ್ತೂವರೆ. ಎರಡು ಹಾಳೆಗಳ ಲೆಕ್ಕವೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇತ್ತು.

ತಪ್ಪಿದ್ದದ್ದು ಹುಟ್ಟಿದ ಸಮಯದಲ್ಲಿ. ಮೊಬೈಲಿಗೆ ಬೆಳಿಗ್ಗೆ 5:40 ಎಂದು ಹಾಕಿದ್ದರು, ಹಳೆಯ ಜಾತಕದಲ್ಲಿ 6:40 ಎಂದಿತ್ತು. ಚಂದ್ರ ಒಂದು ಗಂಟೆಯಲ್ಲಿ ಸುಮಾರು ಅರ್ಧ ಅಂಶ ಚಲಿಸುತ್ತಾನೆ. ನಾನು ಗಣಿತ ಮಾಡಿದಾಗ ಮೊದಲ ಸಮಯಕ್ಕೆ ಚಂದ್ರ ಮಿಥುನದ 29 ಅಂಶ 48 ಕಲೆಯಲ್ಲಿದ್ದ, ಎರಡನೆಯದಕ್ಕೆ ಕರ್ಕಾಟಕದ 21 ಕಲೆಯಲ್ಲಿದ್ದ. ಇಂಥ ಸಂಧಿಯಲ್ಲಿ ಅಯನಾಂಶವನ್ನೂ ನೋಡಬೇಕಾಗುತ್ತದೆ. ಲಾಹಿರಿ ಮತ್ತು ರಾಮನ್ ಅಯನಾಂಶಗಳ ನಡುವೆ ಒಂದೂವರೆ ಅಂಶದಷ್ಟು ಅಂತರವಿರುವುದರಿಂದ ಸಮಯ ಸರಿಯಿದ್ದರೂ ರಾಶಿ ಬದಲಾಗಿಬಿಡಬಹುದು. ಇಲ್ಲಿ ಎರಡಕ್ಕೂ ಲಾಹಿರಿಯನ್ನೇ ಹಿಡಿದಿದ್ದರು.

ಜನನ ಪ್ರಮಾಣಪತ್ರದಲ್ಲಿ ಸಮಯವಿರಲಿಲ್ಲ. ಹೆರಿಗೆಯಾದ ಆಸ್ಪತ್ರೆಯ ಹಳೆಯ ಚೀಟಿಯನ್ನು ತರಬೇಕೆಂದು ಹುಡುಗನ ಮನೆಯವರಿಗೆ ತಿಳಿಸಿದೆ. ವಾರದ ನಂತರ ಅವನ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ತಂದರು. ಶಾಯಿ ಹರಡಿದ್ದರಿಂದ ಇಂಗ್ಲಿಷಿನ ಐದು ಮೇಲ್ನೋಟಕ್ಕೆ ಆರರಂತೆ ಕಾಣುತ್ತಿತ್ತು, ಆದರೆ ಬೆಳಕಿಗೆ ಹಿಡಿದರೆ ಅದರ ತಲೆಯ ಅಡ್ಡಗೆರೆ ಸ್ಪಷ್ಟವಾಗಿತ್ತು. "ಕತ್ತಲೆ ಪೂರ್ತಿ ಹರಿದಿರಲಿಲ್ಲ ಭಟ್ರೇ" ಎಂದು ಆ ತಾಯಿಯೂ ನೆನಪಿಸಿಕೊಂಡರು. 5:40 ಖಚಿತವಾಯಿತು. ಗುಣ 23.

ಗುಣ ಇಳಿಯಿತೆಂದು ಹುಡುಗಿಯ ತಂದೆಗೆ ಆತಂಕವಾಯಿತು. ಮಿಥುನ ಮತ್ತು ಮಕರದ ಷಡಷ್ಟಕವನ್ನು ಪ್ರೀತಿ ಷಡಷ್ಟಕವೆಂದು ಎಣಿಸುತ್ತಾರೆ, ಕಲಹ, ಅನಾರೋಗ್ಯಗಳನ್ನು ಸೂಚಿಸುವ ಶತ್ರು ಷಡಷ್ಟಕದ ಗುಂಪಿಗೆ ಅದು ಸೇರುವುದಿಲ್ಲ ಎಂದು ಅವರಿಗೆ ವಿವರಿಸಿದೆ. ಬದಲಾಗಿ, 29 ತೋರಿಸಿದ ಕರ್ಕಾಟಕ ಮತ್ತು ಮಕರದ ಸಮಸಪ್ತಕವನ್ನೇ ಅಧಿಪತಿಗಳ ವೈರದ ಕಾರಣದಿಂದ ಹಲವರು ಒಪ್ಪುವುದಿಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಇಲ್ಲಿ 23 ಗುಣವೇ 29ಕ್ಕಿಂತ ಮೇಲು.

ಎಂಟು ಕೂಟಗಳೂ ಚಂದ್ರನೊಬ್ಬನಿಂದಲೇ ಬರುವಂಥವು. ಲಗ್ನ, ಸಪ್ತಮಭಾವ, ಕುಜನ ಸ್ಥಾನ, ದಶಾಸಂಧಿ ಇವುಗಳಲ್ಲಿ ಯಾವುದೂ 36ರೊಳಗೆ ಇಲ್ಲ. ಅವನ್ನು ಬೇರೆಯಾಗಿ ನೋಡಿದೆ. ನಮ್ಮ ಕಡೆ ಕೇಳುವ ರಜ್ಜು ಮತ್ತು ವೇಧೆಯನ್ನೂ ಪರೀಕ್ಷಿಸಿದೆ: ಪುನರ್ವಸು ನಾಭಿರಜ್ಜು, ಶ್ರವಣ ಕಂಠರಜ್ಜು, ಪರಸ್ಪರ ವೇಧೆಯೂ ಇಲ್ಲ. ಕೊನೆಗೆ ಹಳೆಯ ಹಾಳೆಗಳೆರಡನ್ನೂ ಪಕ್ಕಕ್ಕಿಟ್ಟು, ಎಂಟು ಅಂಕಗಳನ್ನೂ ಅವುಗಳ ಕಾರಣವನ್ನೂ ಹೊಸ ಹಾಳೆಯಲ್ಲಿ ಬರೆದು, ಕೆಳಗೆ ಜನ್ಮಸಮಯ ಮತ್ತು ಅಯನಾಂಶವನ್ನು ನಮೂದಿಸಿ, ಅವರ ಕೈಗೆ ಕೊಟ್ಟೆ.