ಅಣ್ಣನ ಪ್ಯಾಂಟು, ಅಣ್ಣನ ಶರ್ಟು: ವೀಲ್‌ಚೇರ್‌ಗೆ ಹೊಂದುವ ಹಾಗೆ ನಾನು ಹೊಲಿದದ್ದು

ನಾನು ಟೈಲರ್. ನಮ್ಮಣ್ಣನಿಗೆ ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿದೆ. ದಿನವಿಡೀ ವೀಲ್‌ಚೇರ್‌ನಲ್ಲೇ ಇರುತ್ತಾನೆ. ತೋಳು ಆಡುತ್ತದೆ, ಬೆರಳಿಗೆ ಹಿಡಿತವಿಲ್ಲ. ಸೊಂಟದ ಕೆಳಗೆ ಏನು ಒತ್ತಿದರೂ ಅವನಿಗೆ ಗೊತ್ತಾಗುವುದಿಲ್ಲ. ಈಗ ಅವನ ಬಟ್ಟೆಗಳನ್ನೆಲ್ಲ ನಾನೇ ಹೊಲಿಯುತ್ತೇನೆ.

ಸಿದ್ಧ ಉಡುಪಿನ ಪ್ಯಾಂಟು ನಿಂತಿರುವ ಮೈಗೆ ಕತ್ತರಿಸಿದ್ದು. ಅದನ್ನು ಹಾಕಿಕೊಂಡು ಕೂತರೆ ಹಿಂದೆ ಸೊಂಟಪಟ್ಟಿ ಕೆಳಗೆ ಜಾರುತ್ತದೆ, ಮುಂದೆ ಬಟ್ಟೆ ಹೊಟ್ಟೆಯ ಕೆಳಗೆ ಗುಪ್ಪೆಯಾಗುತ್ತದೆ, ಕಾಲಿನ ಅಂಚು ಮೇಲೇರುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಹಾಕಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಹಿಂದೆ ಬೇಕಾದಷ್ಟು ಬಟ್ಟೆಯೇ ಇಲ್ಲವಲ್ಲ, ಎಲಾಸ್ಟಿಕ್ ಏನು ಮಾಡೀತು?

ಅದಕ್ಕೆ ಅಳತೆಯನ್ನು ಅಣ್ಣ ಕೂತಿರುವಾಗಲೇ ತೆಗೆದುಕೊಂಡೆ, ಅವನು ದಿನಾ ಬಳಸುವ ಕುಶನ್ ಮೇಲೆಯೇ. ಕುಶನ್ ಬದಲಾದರೆ ಅವನು ಕೂರುವ ಭಂಗಿ ಬದಲಾಗುತ್ತದೆ, ಅಳತೆಯೂ ಬದಲಾಗುತ್ತದೆ. ನಿಂತ ಮೈಗೆ ಹೊಂದುವ ನನ್ನ ಹಳೆಯ ಕಾಗದದ ಕಟಿಂಗ್‌ನಲ್ಲಿ ಸೊಂಟದಿಂದ ಕಾಲು ಸೇರುವ ಜಾಗದವರೆಗೆ ಮುಂದೆ 27 ಸೆಂ.ಮೀ., ಹಿಂದೆ 37 ಇತ್ತು. ಅಣ್ಣ ಕೂತಾಗ ಮುಂದೆ 22 ಸಾಕು, ಹಿಂದೆ 43 ಬೇಕು. ಅಂದರೆ ಮುಂದೆ 5 ಕಡಿಮೆ, ಹಿಂದೆ 6 ಜಾಸ್ತಿ. ಕೂತಾಗ ಸೀಟಿನ ಸುತ್ತಳತೆಯೂ ಹರಡಿಕೊಂಡು ಹೆಚ್ಚಾಗುತ್ತದೆ, ಅದನ್ನೂ ಹಾಗೇ ಅಳೆದೆ.

ಈ 6 ಸೆಂ.ಮೀ. ಬಟ್ಟೆಯನ್ನು ಮೇಲಿನ ಅಂಚಿಗೆ ಸುಮ್ನೆ ಸಮನಾಗಿ ಸೇರಿಸಬಾರದು. ಹಾಗೆ ಮಾಡಿದರೆ ಪಕ್ಕದ ಹೊಲಿಗೆಯೂ ಉದ್ದವಾಗಿ, ಪಕ್ಕೆಯ ಹತ್ತಿರ ಬಟ್ಟೆ ಮುದುಡುತ್ತದೆ. ನಾನು ಹಿಂಭಾಗದ ಕಾಗದವನ್ನು ಸೀಟಿನ ಮಟ್ಟದಲ್ಲಿ ನಡುವಿನಿಂದ ಪಕ್ಕದ ಅಂಚಿನವರೆಗೆ ಅಡ್ಡ ಕತ್ತರಿಸುತ್ತೇನೆ. ಅಂಚಿನಲ್ಲಿ ಒಂದು ಎಳೆಯಷ್ಟು ಬಿಟ್ಟು, ನಡುವೆ 6 ಸೆಂ.ಮೀ. ಬಿಚ್ಚಿ ಅಂಟಿಸುತ್ತೇನೆ. ಮುಂಭಾಗದಲ್ಲಿ ಇದರ ಉಲ್ಟಾ: ಅದೇ ರೀತಿ ಕತ್ತರಿಸಿ, ನಡುವೆ 5 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸುತ್ತೇನೆ. ಪಕ್ಕದ ಹೊಲಿಗೆಯ ಉದ್ದ ಇದ್ದಷ್ಟೇ ಇರುತ್ತದೆ. ಮಂಡಿಯ ಮುಂದೆಯೂ 3 ಸೆಂ.ಮೀ. ಜಾಸ್ತಿ ಕೊಟ್ಟು, ಆ ಹೆಚ್ಚುವರಿಯನ್ನು ಮಂಡಿಯ ಎರಡೂ ಪಕ್ಕದಲ್ಲಿ ಸಣ್ಣ ಡಾರ್ಟ್ ಹಿಡಿದು ಮುಗಿಸಿದೆ. ಇದರಿಂದ ಕಾಲು ಮಡಚಿದ ಆಕಾರಕ್ಕೆ ಬರುತ್ತದೆ, ಮಂಡಿಯ ಹಿಂದೆ ಬಟ್ಟೆ ಗುಪ್ಪೆಯಾಗುವುದಿಲ್ಲ.

ಸೀಟಿನ ಕೆಳಗೆ ಏನೇನು ಇರಬಾರದು ಅನ್ನುವುದು ಕಟಿಂಗ್‌ನಷ್ಟೇ ಮುಖ್ಯ. ಹಿಂದಿನ ಜೇಬು ಬೇಡ. ಲೋಹದ ರಿವೆಟ್ ಬೇಡ. ಜೀನ್ಸ್‌ಗೆ ಹಾಕುವ ದಪ್ಪ ಮಡಿಕೆಯ ಡಬಲ್ ಹೊಲಿಗೆ ಬೇಡ. ಕೂರುವ ಮೂಳೆ ಮತ್ತು ಚರ್ಮದ ನಡುವೆ ಇಂಥದ್ದು ಸಿಕ್ಕಿಕೊಂಡರೆ, ಗೊತ್ತೇ ಆಗದೆ ಒತ್ತಡದ ಹುಣ್ಣು ಶುರುವಾಗುತ್ತದೆ. ನಾನು ಒಂಟಿ ಹೊಲಿಗೆ ಹಾಕಿ, ಅಂಚನ್ನು ಎರಡೂ ಬದಿಗೆ ತೆರೆದು ಇಸ್ತ್ರಿಯಿಂದ ಚಪ್ಪಟೆ ಮಾಡುತ್ತೇನೆ. ಬಟ್ಟೆಗೆ ಸ್ವಲ್ಪ ಲೈಕ್ರಾ ಇರುವ ಕಾಟನ್.

ಪ್ಯಾಂಟ್ ಹಾಕುವುದು ಹಾಸಿಗೆಯ ಮೇಲೆ, ಅಣ್ಣನನ್ನು ಪಕ್ಕಕ್ಕೆ ಹೊರಳಿಸಿ. ಅದಕ್ಕಾಗಿ ಎರಡೂ ಕಡೆ ಸೊಂಟದಿಂದ ತೊಡೆಯ ಅರ್ಧದವರೆಗೆ ಜಿಪ್ ಇಟ್ಟಿದ್ದೇನೆ. ಕಾಲುಗಳನ್ನು ತೂರಿಸಿ, ಒಮ್ಮೆ ಹೊರಳಿಸಿ ಹಿಂಭಾಗವನ್ನು ಮೈ ಕೆಳಗೆ ಹಾಸಿ, ಮುಂಭಾಗವನ್ನು ಮೇಲೆ ಎಳೆದು ಜಿಪ್ ಹಾಕಿದರೆ ಆಯಿತು. ಎಳೆದಾಡುವುದು ತಪ್ಪುತ್ತದೆ, ಚರ್ಮ ಉಜ್ಜುವುದೂ ತಪ್ಪುತ್ತದೆ. ಜಿಪ್ಪನ್ನು ನೇರ ಪಕ್ಕದ ಹೊಲಿಗೆಯಲ್ಲಿ ಇಡಲಿಲ್ಲ, 4 ಸೆಂ.ಮೀ. ಮುಂದಕ್ಕೆ ತಂದೆ. ಪಕ್ಕದಲ್ಲೇ ಇದ್ದರೆ ತೊಡೆಮೂಳೆಯ ಉಬ್ಬಿಗೂ ಕುರ್ಚಿಯ ಪಕ್ಕದ ತಗಡಿಗೂ ನಡುವೆ ಸಿಕ್ಕಿ ಒತ್ತುತ್ತದೆ. ಜಿಪ್‌ನ ಒಳಗೆ ಮೆತ್ತನೆ ಪಟ್ಟಿ ಇದೆ. ಎಳೆಯುವ ತುದಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ನಾಡಾ ಬಳೆ. ಈ ಬಳೆ ಇದ್ದರೆ ಅಣ್ಣನೇ ಜಿಪ್ ಮೇಲಕ್ಕೆ ಎಳೆದುಕೊಳ್ಳುತ್ತಾನೆ.

ಜಿಪ್ ಬದಲು ಅಯಸ್ಕಾಂತ ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಅಯಸ್ಕಾಂತವನ್ನು ನೇರವಾಗಿ ಎಳೆದು ಬಿಡಿಸಲು ಬಲ ಬೇಕು. ಪಕ್ಕಕ್ಕೆ ಜಾರಿಸಿದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಸೊಂಟಪಟ್ಟಿಯಲ್ಲಿ, ಪಕ್ಕದ ಸೀಳಿನಲ್ಲಿ ಎಳೆತ ಬರುವುದೇ ಪಕ್ಕಕ್ಕೆ. ಆದ್ದರಿಂದ ಸೊಂಟದಲ್ಲಿ ಭಾರ ಹೊರುವುದು ಅಗಲವಾದ ಹುಕ್ಕು. ಜೊತೆಗಿರುವ ಅಯಸ್ಕಾಂತ ಎರಡು ತುದಿಗಳನ್ನು ಸರಿಯಾದ ಜಾಗಕ್ಕೆ ತರುತ್ತದೆ ಅಷ್ಟೇ.

ಅಯಸ್ಕಾಂತ ನಿಜವಾಗಿ ಉಪಯೋಗಕ್ಕೆ ಬರುವುದು ಶರ್ಟಿನಲ್ಲಿ, ಅದೂ ಶರ್ಟು ಸಡಿಲವಾಗಿದ್ದರೆ. ಪ್ಲಾಸ್ಟಿಕ್ ಒಳಗೆ ಮುಚ್ಚಿಟ್ಟ, 18 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ನಿಯೋಡಿಮಿಯಂ ಬಿಲ್ಲೆಗಳನ್ನು ಬಳಸಿದೆ. ಮುಚ್ಚದ ಬಿಲ್ಲೆಗೆ ಒಗೆತದಲ್ಲಿ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ಗುಂಡಿಪಟ್ಟಿಯ ಎರಡು ಪದರಗಳ ನಡುವೆ ಬಿಲ್ಲೆ ಇಟ್ಟು, ಪ್ಲಾಸ್ಟಿಕ್ ಅಂಚನ್ನು ಕೈಯಲ್ಲೇ ಹೊಲಿದೆ. ಮಿಷನ್‌ನ ಉಕ್ಕಿನ ಪಾದ ಬಿಲ್ಲೆಯನ್ನು ಸೆಳೆದು ಹೊಲಿಗೆ ಸೊಟ್ಟ ಮಾಡುತ್ತದೆ. ಹೊಲಿಯುವ ಮೊದಲು ಪ್ರತಿ ಜೋಡಿಯನ್ನೂ ಅಂಟಿಸಿ ನೋಡಿ, ಹೊರಮುಖಕ್ಕೆ ಮಾರ್ಕರ್ ಚುಕ್ಕೆ ಇಡಬೇಕು. ಒಂದು ತಿರುಗಿ ಕೂತರೂ ಆ ಜಾಗ ಮುಚ್ಚುವ ಬದಲು ತಳ್ಳುತ್ತದೆ. ಎದೆಯ ಮೇಲೆ 9 ಸೆಂ.ಮೀ.ಗೊಂದು, ಕೂತಾಗ ಹೊಟ್ಟೆ ಮುಂದೆ ಬರುವ ಕಡೆ 6ಕ್ಕೊಂದು. ಹೊರಗೆ ಅಲಂಕಾರಕ್ಕೆ ಮಾಮೂಲಿ ಗುಂಡಿ. "ಮೇಲಿನದು ಒಂದು ಅಂಟಿಕೊಂಡರೆ ಸಾಕು, ಉಳಿದವು ತಾವೇ ಬರ್ತಾವೆ" ಅಂತಾನೆ ಅಣ್ಣ. ಅಂಗೈಯಿಂದ ಎದೆಯ ಮೇಲೆ ಸವರಿದರೆ ಶರ್ಟು ಮುಚ್ಚಿಕೊಳ್ಳುತ್ತದೆ.

ಆದರೆ ಇದು ಎಲ್ಲರಿಗೂ ಆಗುವುದಿಲ್ಲ. ಪೇಸ್‌ಮೇಕರ್ ಇರುವವರಿಗೆ ಎದೆಯ ಮೇಲೆ ಅಯಸ್ಕಾಂತ ಅಪಾಯ. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇರುವ ಅನೇಕರಿಗೆ ತಲೆಯಲ್ಲಿ ನೀರು ಇಳಿಸುವ ಶಂಟ್ ಇರುತ್ತದೆ, ಅದರಲ್ಲಿ ಕೆಲವು ಬಗೆಯವುಗಳ ಸೆಟ್ಟಿಂಗನ್ನು ಅಯಸ್ಕಾಂತ ಬದಲಾಯಿಸಬಲ್ಲದು. ಮೈಯೊಳಗೆ ಔಷಧಿ ಪಂಪ್ ಇದ್ದರೂ ಡಾಕ್ಟರನ್ನು ಕೇಳದೆ ಬಳಸಬಾರದು. ಯಾರಿಗೇ ಹೊಲಿದರೂ ಈ ಮೂರನ್ನು ಕೇಳಿಯೇ ಕತ್ತರಿ ಹಿಡಿಯುತ್ತೇನೆ. ಇದ್ದರೆ ಪ್ಲಾಸ್ಟಿಕ್ ಟಿಚ್ ಗುಂಡಿ ಅಥವಾ ವೆಲ್ಕ್ರೋ ಹಾಕುತ್ತೇನೆ, ವೆಲ್ಕ್ರೋದ ಒರಟು ಮುಖ ಚರ್ಮದ ಕಡೆ ಬರದಂತೆ.

ಹೊಸ ಪ್ಯಾಂಟನ್ನು ಮೊದಲ ಸಲ ಒಂದು ಗಂಟೆ ಮಾತ್ರ ಹಾಕಿಸುತ್ತೇವೆ. ಆಮೇಲೆ ಮಲಗಿಸಿ ಸೀಟು, ತೊಡೆಯ ಪಕ್ಕ, ಬೆನ್ನಿನ ಕೆಳಭಾಗ ನೋಡುತ್ತೇವೆ. ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಆ ಹೊಲಿಗೆಯ ಜಾಗ ಬದಲಿಸಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಮುಟ್ಟಿ ನೋಡಿ, ಸುತ್ತಲಿಗಿಂತ ಬಿಸಿಯಾಗಿದೆಯೇ ಗಟ್ಟಿಯಾಗಿದೆಯೇ ಅಂತ ತಿಳಿಯಬೇಕು. ಅಣ್ಣನ ಹಾಗೆ ಎದೆಯ ನಡುಮಟ್ಟಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಇನ್ನೊಂದು ಎಚ್ಚರ ಬೇಕು. ಬಿಗಿಯಾದ ಸೊಂಟಪಟ್ಟಿ ಅಥವಾ ಬಟ್ಟೆಗೆ ಸಿಕ್ಕಿ ಮಡಚಿದ ಮೂತ್ರದ ನಳಿಕೆ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಬಹುದು. ಜೋರು ತಲೆನೋವು, ಮುಖದ ಮೇಲೆ ಬೆವರು ಬಂದರೆ ನೇರ ಕೂರಿಸಿ, ಮೊದಲು ಹುಕ್ಕು ಬಿಚ್ಚಿ, ನಳಿಕೆ ನೋಡುತ್ತೇವೆ. ಇಳಿಯದಿದ್ದರೆ ಆಸ್ಪತ್ರೆಗೆ ತಡ ಮಾಡುವಂತಿಲ್ಲ.

ಒಗೆಯುವಾಗ ಅಯಸ್ಕಾಂತಗಳನ್ನು ಜೋಡಿಯಾಗಿ ಮುಚ್ಚಿ, ಶರ್ಟನ್ನು ಒಳಮಗ್ಗುಲು ತಿರುಗಿಸಿ ಹಾಕಬೇಕು. ಬಿಚ್ಚಿದ್ದರೆ ವಾಷಿಂಗ್ ಮಿಷನ್‌ನ ಉಕ್ಕಿನ ಡ್ರಮ್ಮಿಗೆ ಅಂಟಿ ಬಟ್ಟೆ ಹರಿಯುತ್ತದೆ. ಸಾಮಾನ್ಯ ನಿಯೋಡಿಮಿಯಂ ಬಿಲ್ಲೆ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಇಸ್ತ್ರಿಯನ್ನು ಗುಂಡಿಪಟ್ಟಿಯ ಮೇಲೆ ಒಯ್ಯುವುದಿಲ್ಲ. ತಿಂಗಳಿಗೊಮ್ಮೆ ಬಿಲ್ಲೆಗಳ ಹೊಲಿಗೆ ಮುಟ್ಟಿ ನೋಡುತ್ತೇನೆ, ಸಡಿಲವಾದದ್ದನ್ನು ಅವತ್ತೇ ಬಿಗಿ ಮಾಡುತ್ತೇನೆ. ಮಕ್ಕಳ ಕೈಗೆ ಬಿದ್ದು ಎರಡು ಬಿಲ್ಲೆ ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು.