ಟ್ರಾಫಿಕ್ ಸರಿಯಿತ್ತು, ವೋಲ್ಟೇಜ್ ಮಾತ್ರ ಸರಿಯಿರಲಿಲ್ಲ

ಅಲಾರಂ ಹೊಡೆದಾಗ ನಮ್ಮ ಕಡಲಡಿಯ ಕೇಬಲ್‌ನಲ್ಲಿ ಇಂಟರ್ನೆಟ್ ಟ್ರಾಫಿಕ್ ಒಂದು ಚೂರೂ ಅಲುಗಿರಲಿಲ್ಲ. ನೆಟ್‌ವರ್ಕ್ ಕಡೆಯವರು ಫೋನ್ ಮಾಡಿ, "ನಮಗೆಲ್ಲ ಹಸಿರೇ ಕಾಣ್ತಿದೆ, ನಿಮ್ಮದೇನು ಗಲಾಟೆ?" ಎಂದು ಕೇಳಿದರು. ನನ್ನ ಮುಂದಿದ್ದ ಪವರ್ ಫೀಡ್ ಪ್ಯಾನೆಲ್‌ನಲ್ಲಿ 4,375 ಇರಬೇಕಾದ ಜಾಗದಲ್ಲಿ 362 ವೋಲ್ಟ್ ಇತ್ತು. ಕರೆಂಟ್ ಮಾತ್ರ ಎಂದಿನಂತೆ 1 ಆಂಪಿಯರ್. ಕಡಲಿನಾಚೆಯ ಸ್ಟೇಷನ್‌ಗೆ ಫೋನ್ ಮಾಡಿದೆ. ಅಲ್ಲಿ 8,388 ವೋಲ್ಟ್ ತೋರಿಸುತ್ತಿತ್ತು.

ಕೇಬಲ್ ಲ್ಯಾಂಡಿಂಗ್ ಸ್ಟೇಷನ್‌ನಲ್ಲಿ ನಾನು ಒಬ್ಬನೇ ಶಿಫ್ಟ್ ನೋಡಿಕೊಳ್ಳಲು ಶುರು ಮಾಡಿ ಆಗ ಕೆಲವೇ ತಿಂಗಳಾಗಿತ್ತು. ಆ ಎರಡು ಅಂಕಿಗಳನ್ನು ಕೂಡಿದರೆ 8,750 ಬರುತ್ತದೆ. ದಿನವೂ ಇರುವ ಒಟ್ಟು ವೋಲ್ಟೇಜ್ ಕೂಡ ಅಷ್ಟೇ. ಅಂದರೆ ಕೇಬಲ್ ತುಂಡಾಗಿಲ್ಲ, ದಾರಿಯುದ್ದಕ್ಕೂ ಬೆಳಕನ್ನು ಬೆಳೆಸುವ ರಿಪೀಟರ್‌ಗಳೂ ಸತ್ತಿಲ್ಲ. ಎಲ್ಲೋ ಇನ್ಸುಲೇಷನ್ ಹರಿದು ತಾಮ್ರಕ್ಕೆ ಸಮುದ್ರದ ನೀರು ತಾಗಿದೆ. ನಮ್ಮ ಭಾಷೆಯಲ್ಲಿ ಇದು ಷಂಟ್ ಫಾಲ್ಟ್.

ಇದು ಅರ್ಥವಾಗಬೇಕಾದರೆ ಕೇಬಲ್‌ನೊಳಗೆ ಏನಿದೆ ಎಂದು ಸ್ವಲ್ಪ ಹೇಳಬೇಕು. ನಮ್ಮದು 6,000 ಕಿಲೋಮೀಟರ್ ಕೇಬಲ್. ಆಳ ಸಮುದ್ರದಲ್ಲಿ ಅದರ ದಪ್ಪ ಕೈತೋಟಕ್ಕೆ ನೀರು ಹಾಯಿಸುವ ಪೈಪಿನಷ್ಟೇ, ಸುಮಾರು 17 ಮಿಲಿಮೀಟರ್. ನಡುವೆ ಕೂದಲಿನಂಥ ಗಾಜಿನ ಫೈಬರ್‌ಗಳು, ಸುತ್ತ ಉಕ್ಕಿನ ತಂತಿ, ಅದರ ಮೇಲೆ ತಾಮ್ರದ ಕೊಳವೆ, ಮೇಲೆ ಪಾಲಿಥಿನ್. ಈಗಿನ ಒಳ್ಳೆಯ ಫೈಬರ್‌ನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು 0.16 ಡೆಸಿಬೆಲ್ ಮಾತ್ರ ಕುಗ್ಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ 6,000 ಕಿಲೋಮೀಟರಿಗೆ ಅದು 960 ಡೆಸಿಬೆಲ್. ಅಂದರೆ ಕಳಿಸಿದ ಬೆಳಕನ್ನು 1ರ ಮುಂದೆ 96 ಸೊನ್ನೆ ಹಾಕಿದ ಸಂಖ್ಯೆಯಿಂದ ಭಾಗಿಸಬೇಕು. ಆ ತುದಿಗೆ ಬೆಳಕಿನ ಒಂದು ಕಣವೂ ತಲುಪುವುದಿಲ್ಲ.

ಅದಕ್ಕೇ ನಮ್ಮ ಕೇಬಲ್‌ನಲ್ಲಿ 75 ಕಿಲೋಮೀಟರಿಗೊಂದು ರಿಪೀಟರ್ ಇದೆ. ಒಟ್ಟು 79. ಹೆಸರು ರಿಪೀಟರ್ ಆದರೂ ಅದು ಸಿಗ್ನಲ್ ಓದಿ ಮತ್ತೆ ಬರೆಯುವುದಿಲ್ಲ. ಒಳಗೆ ಎರ್ಬಿಯಂ ಬೆರೆಸಿದ ಫೈಬರ್ ಇದೆ. ಅದಕ್ಕೆ ಪಂಪ್ ಲೇಸರ್ ಶಕ್ತಿ ತುಂಬುತ್ತದೆ. ಕುಗ್ಗಿ ಬಂದ ಬೆಳಕು ಅದರೊಳಗೆ ಹಾದಾಗ ಬೆಳಕಾಗಿಯೇ 16 ಪಟ್ಟು ಬೆಳೆಯುತ್ತದೆ. 75 ಕಿಲೋಮೀಟರಿನಲ್ಲಿ ಕಳೆದುಕೊಂಡ 12 ಡೆಸಿಬೆಲ್ ಹೀಗೆ ವಾಪಸ್ ಬರುತ್ತದೆ.

150 ಕಿಲೋಮೀಟರಿಗೊಂದು ಇಟ್ಟು ಅರ್ಧ ಖರ್ಚು ಉಳಿಸಬಹುದಲ್ಲ ಎಂದು ನಾನೂ ಮೊದಲ ವಾರ ಕೇಳಿದ್ದೆ. ತೊಂದರೆ ಇರುವುದು ಗದ್ದಲದಲ್ಲಿ. ಪ್ರತಿ ರಿಪೀಟರ್ ಸಿಗ್ನಲ್ ಜೊತೆಗೆ ತನ್ನದೂ ಸ್ವಲ್ಪ ಅಡ್ಡಬೆಳಕನ್ನು ಸೇರಿಸುತ್ತದೆ. ಎಷ್ಟು ಪಟ್ಟು ಬೆಳೆಸುತ್ತದೋ ಹೆಚ್ಚುಕಡಿಮೆ ಅಷ್ಟಕ್ಕೆ ತಕ್ಕಂತೆ ಈ ಗದ್ದಲವೂ ಏರುತ್ತದೆ. ದೂರ ಎರಡು ಪಟ್ಟಾದರೆ ನಷ್ಟ 24 ಡೆಸಿಬೆಲ್. ಆಗ ರಿಪೀಟರ್ 16 ಅಲ್ಲ, 250 ಪಟ್ಟು ಬೆಳೆಸಬೇಕು. ರಿಪೀಟರ್ ಸಂಖ್ಯೆ ಅರ್ಧವಾದರೂ ಕೊನೆಯಲ್ಲಿ ಒಟ್ಟು ಗದ್ದಲ ಸುಮಾರು ಎಂಟು ಪಟ್ಟು ಜಾಸ್ತಿ. ತಿರುಗಿಸಿ ನೋಡಿ: 37 ಕಿಲೋಮೀಟರಿಗೊಂದು ಇಟ್ಟರೆ ಗದ್ದಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ ನಿಜ, ಆದರೆ ರಿಪೀಟರ್‌ಗಳೂ ಅವು ತಿನ್ನುವ ವೋಲ್ಟೇಜೂ ಎರಡು ಪಟ್ಟಾಗುತ್ತವೆ. ಸಾಮಾನ್ಯವಾಗಿ ಈ ಜಗ್ಗಾಟ 60ರಿಂದ 100 ಕಿಲೋಮೀಟರ್ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ.

ಇನ್ನು ಕರೆಂಟ್. ಸಮುದ್ರದ ತಳದಲ್ಲಿ ಪ್ಲಗ್ ಪಾಯಿಂಟ್ ಇಲ್ಲವಲ್ಲ. ಎಲ್ಲ ರಿಪೀಟರ್‌ಗಳೂ ಹಳೆಯ ಸೀರಿಯಲ್ ಸೆಟ್ ದೀಪಗಳಂತೆ ಒಂದೇ ಸಾಲಿನಲ್ಲಿವೆ. ತೀರದ ಪವರ್ ಫೀಡ್ ಯಂತ್ರ ತಾಮ್ರದ ಕೊಳವೆಯಲ್ಲಿ 1 ಆಂಪಿಯರ್ ಡಿಸಿ ಕರೆಂಟನ್ನು ಏರಿಳಿಯದಂತೆ ಹರಿಸುತ್ತದೆ. ವಾಪಸ್ ಬರುವ ತಂತಿ ಇಲ್ಲ. ಸಮುದ್ರವೇ ಆ ತಂತಿ. ಒಂದೊಂದು ರಿಪೀಟರ್ 50 ವೋಲ್ಟ್ ಇಳಿಸಿಕೊಳ್ಳುತ್ತದೆ. ತಾಮ್ರದ ರೆಸಿಸ್ಟೆನ್ಸ್ ಕಿಲೋಮೀಟರಿಗೆ 0.8 ಓಮ್. ಹಾಗಾಗಿ ಕೇಬಲ್‌ಗೆ 4,800 ವೋಲ್ಟ್, 79 ರಿಪೀಟರ್‌ಗಳಿಗೆ 3,950 ವೋಲ್ಟ್. ಕೂಡಿದರೆ ನಾನು ಮೇಲೆ ಹೇಳಿದ 8,750. ಇದನ್ನು ಎರಡೂ ತೀರಗಳು ಹಂಚಿಕೊಳ್ಳುತ್ತವೆ. ನಾವು ಪ್ಲಸ್ 4,375, ಆಚೆಯವರು ಮೈನಸ್ 4,375. ಸರಿಯಾಗಿ ಮಧ್ಯ ಸಮುದ್ರದಲ್ಲಿ ತಾಮ್ರದ ವೋಲ್ಟೇಜ್ ಸೊನ್ನೆ.

ಆ ರಾತ್ರಿ ಆ ಸೊನ್ನೆ ಜಾಗ ಬದಲಿಸಿತ್ತು. ಇನ್ಸುಲೇಷನ್ ಹರಿದ ಕಡೆ ತಾಮ್ರ ಸಮುದ್ರಕ್ಕೆ ಅಂಟಿಕೊಂಡಿತು, ಅಲ್ಲೇ ಸೊನ್ನೆಯಾಯಿತು. ನಮ್ಮ ಯಂತ್ರ 1 ಆಂಪಿಯರ್ ಮೀರದಂತೆ ತನ್ನ ವೋಲ್ಟೇಜ್ ಇಳಿಸಿಕೊಂಡಿತು. ಆಚೆಯದು 1 ಆಂಪಿಯರ್ ಬಿಡದಂತೆ ಏರಿಸಿಕೊಂಡಿತು. ಎರಡೂ ಕಡೆ 10,000 ವೋಲ್ಟ್‌ವರೆಗೆ ಹೋಗಬಲ್ಲ ಯಂತ್ರಗಳಿದ್ದದ್ದು ಇಂಥ ದಿನಕ್ಕೇ. ರಿಪೀಟರ್‌ಗಳಿಗೆ ಬೇಕಾದ ಕರೆಂಟ್ ಸಿಗುತ್ತಲೇ ಇತ್ತು. ನೆಟ್‌ವರ್ಕ್‌ನವರ ಪರದೆ ಹಸಿರಾಗಿಯೇ ಉಳಿದದ್ದು ಅದರಿಂದ.

ಹಾಗಾದರೆ ಸುಮ್ನೆ ಬಿಟ್ಟುಬಿಡಬಹುದಲ್ಲ? ಆಗುವುದಿಲ್ಲ. ಇನ್ನೊಂದು ಕಡೆ ಇದೇ ಥರ ಹರಿದರೆ ನಮ್ಮ ಕರೆಂಟ್ ಒಂದು ತೂತಿನಲ್ಲಿ, ಅವರದು ಇನ್ನೊಂದು ತೂತಿನಲ್ಲಿ ಸಮುದ್ರಕ್ಕೆ ಇಳಿದುಹೋಗುತ್ತದೆ. ನಡುವಿನ ರಿಪೀಟರ್‌ಗಳಿಗೆ ಏನೂ ಸಿಗುವುದಿಲ್ಲ, ಇಡೀ ಕೇಬಲ್ ಸತ್ತ ಹಾಗೆ. ಜೊತೆಗೆ ಎರಡು ಕಡೆಯ ಕರೆಂಟಿನಲ್ಲಿ ಸ್ವಲ್ಪ ವ್ಯತ್ಯಾಸವಾಗಿ ಅದು ಆ ಜಾಗದಿಂದ ನೀರಿಗೆ ಸೋರುತ್ತಿದ್ದರೆ ತಾಮ್ರ ಕರಗುತ್ತಾ ಹೋಗುತ್ತದೆ.

ಹಡಗು ಕಳಿಸಬೇಕು. ಎಲ್ಲಿಗೆ? ಫೈಬರ್ ತುಂಡಾಗಿದ್ದರೆ ಬೆಳಕಿನ ಪಲ್ಸ್ ಬಿಟ್ಟು, ವಾಪಸ್ ಬರುವ ಚೂರು ಬೆಳಕನ್ನು ಅಳೆದು ದೂರ ಹೇಳಬಹುದು. ಇಲ್ಲಿ ಫೈಬರ್ ಗಟ್ಟಿಮುಟ್ಟಾಗಿತ್ತು. ಆ ಉಪಕರಣಕ್ಕೆ ಏನೂ ಕಾಣಲಿಲ್ಲ. ನನ್ನ ಕೈಯಲ್ಲಿದ್ದದ್ದು 362 ಎಂಬ ಒಂದು ಅಂಕಿ.

ನಾನು ಲೆಕ್ಕ ಹಾಕಿದೆ. ಒಂದು ರಿಪೀಟರ್ ಮತ್ತು 75 ಕಿಲೋಮೀಟರ್ ಕೇಬಲ್ ಸೇರಿ 110 ವೋಲ್ಟ್. ಕಿಲೋಮೀಟರಿಗೆ ಸರಾಸರಿ 1.47. 362ನ್ನು ಅದರಿಂದ ಭಾಗಿಸಿ 247 ಕಿಲೋಮೀಟರ್ ಎಂದು ಬರೆದು, ಹೆಮ್ಮೆಯಿಂದಲೇ ನಮ್ಮ ಹಿರಿಯ ಎಂಜಿನಿಯರ್‌ಗೆ ತೋರಿಸಿದೆ.

ಅವರು ಕಾಗದ ನೋಡಿ ನಕ್ಕರು. "ರಿಪೀಟರನ್ನ ಬೆಣ್ಣೆ ಥರ ಕೇಬಲ್ ಉದ್ದಕ್ಕೂ ಸವರಿಬಿಟ್ಟಿದ್ದೀಯಲ್ಲಯ್ಯ! ಅದು ಮೆಟ್ಟಿಲು. ಒಂದೇ ಜಾಗದಲ್ಲಿ 50 ವೋಲ್ಟ್ ಇಳಿಯುತ್ತೆ."

"ಸರಾಸರಿ ತಗೊಂಡೆ ಸರ್."

"ಸರಾಸರಿ ಹಿಡಿದು ಹೋದರೆ ಹಡಗು ಸರಾಸರಿ ಜಾಗದಲ್ಲೇ ನಿಲ್ಲುತ್ತೆ. ಮತ್ತೆ ಹಾಕು."

ಮತ್ತೆ ಹಾಕಿದೆ. ಮೂರು ರಿಪೀಟರ್ ದಾಟುವಷ್ಟರಲ್ಲಿ 225 ಕಿಲೋಮೀಟರ್, 330 ವೋಲ್ಟ್. ಉಳಿದದ್ದು 32 ವೋಲ್ಟ್. ಅಲ್ಲಿಂದ ಮುಂದೆ ನಾಲ್ಕನೇ ರಿಪೀಟರ್‌ವರೆಗೆ ಬರೀ ತಾಮ್ರ, ಕಿಲೋಮೀಟರಿಗೆ 0.8 ವೋಲ್ಟ್. 32 ಭಾಗಿಸು 0.8 ಅಂದರೆ 40. ಒಟ್ಟು 265 ಕಿಲೋಮೀಟರ್. ನನ್ನ ಮೊದಲ ಉತ್ತರಕ್ಕೂ ಇದಕ್ಕೂ 18 ಕಿಲೋಮೀಟರ್ ಫರಕು. ಕಡಲಲ್ಲಿ ಅದು ಸಣ್ಣ ದೂರವಲ್ಲ.

"ಈಗ ಇನ್ನೊಂದು ನೋಡು," ಅಂದರು. "ಈ 0.8 ಆಳದ ತಣ್ಣನೆ ನೀರಿನ ಲೆಕ್ಕ. ಇಲ್ಲಿ ಸಮುದ್ರ ಎಷ್ಟು ಆಳ?" ಚಾರ್ಟ್ ತೆಗೆದೆವು. ಆ ಭಾಗ 80 ಮೀಟರ್ ಆಳವೂ ಇರಲಿಲ್ಲ. ನಮ್ಮ ತೀರದಿಂದ ಅಲ್ಲಿಯವರೆಗೂ ಬೆಚ್ಚಗಿನ, ಆಳವಿಲ್ಲದ ನೀರು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ರೆಸಿಸ್ಟೆನ್ಸ್ ಶೇಕಡಾ 0.4ರಷ್ಟು ಏರುತ್ತದೆ. ಐದು ಡಿಗ್ರಿಗೆ ಶೇಕಡಾ 2. ಹಾಗೆ ತಿದ್ದಿದಾಗ ಉತ್ತರ 260 ಕಿಲೋಮೀಟರ್ ಹತ್ತಿರ ಬಂತು. ನಮ್ಮ ಭೂಮಿಯ ವೋಲ್ಟೇಜಿಗೂ ಕಡಲ ತಳದ ವೋಲ್ಟೇಜಿಗೂ ಒಂದೆರಡು ವೋಲ್ಟ್ ಹೆಚ್ಚುಕಡಿಮೆ ಇರಬಹುದು. ಒಂದು ವೋಲ್ಟ್ ತಪ್ಪಿದರೆ 1.25 ಕಿಲೋಮೀಟರ್ ತಪ್ಪು. ಅದಕ್ಕೇ "260, ಆಚೀಚೆ 4" ಎಂದು ಬರೆದು ಹಡಗಿಗೆ ಕಳಿಸಿದೆವು.

ಹಡಗು ಸಿದ್ಧವಾಗಿ ಅಲ್ಲಿಗೆ ಮುಟ್ಟುವವರೆಗೆ ದಿನಗಳೇ ಹಿಡಿಯುತ್ತವೆ. ಆ ಮಧ್ಯೆ ಸ್ಟೇಷನ್ ನೋಡಲು ಬಂದವರೊಬ್ಬರು, "ಇಷ್ಟು ಪಾಡು ಯಾಕೆ, ಸ್ಯಾಟಲೈಟ್ ಇಲ್ವಾ?" ಎಂದು ಕೇಳಿದರು. ನಾನು ಅವರಿಗೆ ಎರಡೇ ಲೆಕ್ಕ ಹೇಳಿದೆ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಮೇಲೆ ಹೋಗಿ ಕೆಳಗೆ ಬರಲು ಸಿಗ್ನಲಿಗೆ ಸುಮಾರು 240 ಮಿಲಿಸೆಕೆಂಡ್ ಬೇಕು. ಗಾಜಿನಲ್ಲಿ ಬೆಳಕು ನಿಧಾನ, ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಚಿಲ್ಲರೆ. ಆದರೂ ನಮ್ಮ 6,000 ಕಿಲೋಮೀಟರ್ ದಾಟಲು 30 ಮಿಲಿಸೆಕೆಂಡ್ ಸಾಕು. ಕೆಳಗೆ ಹಾರುವ ಉಪಗ್ರಹಗಳು ಈ ವಿಳಂಬವನ್ನು ತಗ್ಗಿಸುತ್ತವೆ, ಒಪ್ಪೋಣ. ಆದರೆ ಎರಡನೇ ಲೆಕ್ಕದಿಂದ ಅವೂ ತಪ್ಪಿಸಿಕೊಳ್ಳಲಾರವು. ರೇಡಿಯೋ ತರಂಗಗಳ ಜಾಗ ಕಿರಿದು, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಕೇಬಲ್‌ನಲ್ಲಿ ಪ್ರತಿ ಫೈಬರ್ ಜೋಡಿಗೂ ತನ್ನದೇ ದಾರಿ. 2017ರಲ್ಲಿ ಅಟ್ಲಾಂಟಿಕ್‌ನಲ್ಲಿ ಹಾಸಿ ಮುಗಿಸಿದ ಮರೇಯಾ ಕೇಬಲ್‌ನಲ್ಲಿ ಎಂಟು ಜೋಡಿ, ಸೆಕೆಂಡಿಗೆ 160 ಟೆರಾಬಿಟ್ ಎಂದು ಲೆಕ್ಕ ಹಾಕಿ ಮಾಡಿದ್ದು.

ಇನ್ನೂ ನೂರು ಜೋಡಿ ಯಾಕೆ ಹಾಕಬಾರದು ಎಂದರೆ ಅಡ್ಡ ಬರುವುದು ಗಾಜಲ್ಲ, ಮತ್ತೆ ಅದೇ ವೋಲ್ಟೇಜ್. ಪ್ರತಿ ಜೋಡಿಗೂ ರಿಪೀಟರ್‌ನಲ್ಲಿ ಪಂಪ್ ಲೇಸರ್ ಶಕ್ತಿ ಬೇಕು. ಅದೆಲ್ಲ ತೀರದಿಂದಲೇ ಹೋಗಬೇಕು, ಇನ್ಸುಲೇಷನ್ ತಡೆಯುವುದು ಇಷ್ಟೇ.

ಹಡಗು ತಲುಪಿದ ಮೇಲೆ ಕರೆಂಟಿನ ಮೇಲೆ 25 ಹರ್ಟ್ಜ್ ಸಣ್ಣ ಟೋನ್ ಸೇರಿಸಿ ಎಂದರು. ತಳದಲ್ಲಿ ಕೇಬಲ್ ಗುಂಟ ಸಾಗುವ ರೋಬೋಟ್ ಆ ಟೋನನ್ನು ಹಿಡಿಯುತ್ತದೆ. ಹರಿದ ಜಾಗ ದಾಟುತ್ತಿದ್ದಂತೆ ಟೋನ್ ಸಣ್ಣಗಾಗುತ್ತದೆ, ಏಕೆಂದರೆ ಅದು ಅಲ್ಲೇ ನೀರಿಗೆ ಇಳಿದುಹೋಗುತ್ತದೆ. ಟೋನ್ ಬಿದ್ದದ್ದು 261ನೇ ಕಿಲೋಮೀಟರಿನಲ್ಲಿ. ಉಕ್ಕಿನ ರಕ್ಷಾಕವಚ ತಿರುಚಿತ್ತು, ಪಾಲಿಥಿನ್ ಮೇಲೆ ಉದ್ದನೆಯ ಸೀಳು. ಮೀನು ಹಿಡಿಯುವ ಬಲೆಯ ಭಾರದ ತುಂಡೋ, ಲಂಗರೋ. ಪ್ರಪಂಚದಲ್ಲಿ ವರ್ಷಕ್ಕೆ ಆಗುವ 150ರಿಂದ 200 ಕೇಬಲ್ ಹಾನಿಗಳಲ್ಲಿ ಹೆಚ್ಚಿನವು ಇವೆರಡರಿಂದಲೇ. ಶಾರ್ಕ್ ಕಥೆ ಕೇಳಲು ಚೆನ್ನಾಗಿರುತ್ತದೆ ಅಷ್ಟೇ.

ಕತ್ತರಿಸುವ ಮೊದಲು ನಮ್ಮ ಕೆಲಸ ಪವರ್ ಆಫ್ ಮಾಡಿ ತುದಿಯನ್ನು ಭೂಮಿಗೆ ಕಟ್ಟುವುದು. ಆಫ್ ಮಾಡಿದ ಮಾತ್ರಕ್ಕೆ ಸುರಕ್ಷಿತವಲ್ಲ. ಇಷ್ಟುದ್ದದ ಕೇಬಲ್ ಒಂದು ದೊಡ್ಡ ಕೆಪಾಸಿಟರ್, ಕಿಲೋಮೀಟರಿಗೆ ಸುಮಾರು 0.2 ಮೈಕ್ರೋಫ್ಯಾರಡ್. ಅದರಲ್ಲಿ ಉಳಿದ ಚಾರ್ಜ್ ಡೆಕ್ ಮೇಲೆ ಕೈಯಿಟ್ಟವರನ್ನು ಕೊಲ್ಲಬಲ್ಲದು. ಎರಡೂ ಸ್ಟೇಷನ್‌ಗಳು ಅರ್ಥ್ ಆಗಿದೆ ಎಂದು ಬರಹದಲ್ಲಿ ಕೊಟ್ಟು, ಯಂತ್ರಕ್ಕೆ ಬೀಗ ಹಾಕಿದ ಮೇಲೆಯೇ ಹಡಗಿನವರು ಕೇಬಲ್ ಮುಟ್ಟಿದರು.

ಬೆಸುಗೆ ಮುಗಿದು ಪವರ್ ಏರಿಸಿದಾಗ ಎರಡೂ ಕಡೆ ಮತ್ತೆ 4,375ರ ಆಸುಪಾಸು ಬಂತು. ಹೊಸ ತುಂಡು ಸೇರಿದ್ದರಿಂದ ಮೂರನೇ ಮತ್ತು ನಾಲ್ಕನೇ ರಿಪೀಟರ್ ನಡುವೆ ಕೇಬಲ್ 400 ಮೀಟರ್ ಉದ್ದವಾಗಿತ್ತು. ಪ್ಯಾನೆಲ್‌ನಲ್ಲಿ ಅದು ಕಾಣುವುದೇ ಇಲ್ಲ. ಆದರೂ ಹಿರಿಯರು ಹೇಳಿದಂತೆ ದೂರದ ಪಟ್ಟಿಯಲ್ಲಿ 75 ಹೊಡೆದು 75.4 ಎಂದು ಬರೆದೆ. ಪಕ್ಕದಲ್ಲಿ ಆ ದಿನದ ನೀರಿನ ಉಷ್ಣತೆಯನ್ನೂ ಬರೆದಿಟ್ಟೆ.