ಉಸಿರು ಬಿಟ್ಟಾಗ ತೆಗೆದ ಸಿಟಿ ನನಗೆ ಹೇಳಿದ್ದು

ನಾನು ಬಾಗಲಕೋಟೆಯಲ್ಲಿ ರೇಡಿಯಾಲಜಿಸ್ಟ್. ಎದೆಯ ಎಚ್‌ಆರ್‌ಸಿಟಿಗೆ, ಅಂದರೆ ತೆಳು ಪದರಗಳಲ್ಲಿ ತೆಗೆಯುವ ಸಿಟಿ ಸ್ಕ್ಯಾನ್‌ಗೆ, ಬರುವ ಚೀಟಿಗಳಲ್ಲಿ ಬಹಳ ಸಲ ಒಂದೇ ಮಾತು ಬರೆದಿರುತ್ತದೆ: 'ಐಎಲ್‌ಡಿ?'. ಇದು ಒಂದು ರೋಗದ ಹೆಸರಲ್ಲ. ಶ್ವಾಸಕೋಶದ ಗಾಳಿಗೂಡುಗಳ ನಡುವಿನ ತೆಳು ಪೊರೆ ಉರಿಯೂತದಿಂದ ಊದಿಕೊಳ್ಳುವ, ಇಲ್ಲವೇ ಗಾಯದ ಕಲೆಯಂತೆ ಗಟ್ಟಿಯಾಗುವ ನೂರಾರು ಕಾಯಿಲೆಗಳ ಗುಂಪು ಅದು. ಅದರಲ್ಲಿ ಯಾವುದು ಅಂತ ಹೇಳಲು ಸಿಟಿಯಲ್ಲಿನ ವಿನ್ಯಾಸ ದೊಡ್ಡ ಸಹಾಯ ಮಾಡುತ್ತದೆ. ನನಗೆ ಜಾಸ್ತಿ ತಲೆನೋವು ಕೊಡುವ ಜೋಡಿಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಒಂದು ಐಪಿಎಫ್, ಅಂದರೆ ಕಾರಣ ಗೊತ್ತಿಲ್ಲದೆ ಶ್ವಾಸಕೋಶ ಗಟ್ಟಿಯಾಗುವುದು. ಇನ್ನೊಂದು ಹಳೆಯದಾದ ಎಚ್‌ಪಿ, ಅಂದರೆ ಬೂಷ್ಟು, ಹಕ್ಕಿಯ ಹಿಕ್ಕೆ, ಧೂಳು ಇಂಥವನ್ನು ಉಸಿರಾಡಿ ಅಲರ್ಜಿಯಿಂದ ಆಗುವ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್.

ಇವೆರಡನ್ನು ಅದಲುಬದಲು ಮಾಡಿದರೆ ಪೆಟ್ಟು ಬೀಳುವುದು ರೋಗಿಗೆ. ಐಪಿಎಫ್‌ಗೆ ಮೊದಲೆಲ್ಲ ಪ್ರೆಡ್ನಿಸೊಲೋನ್, ಅಜಾಥಯೋಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಮೂರನ್ನೂ ಸೇರಿಸಿ ಕೊಡುತ್ತಿದ್ದರು. ಆ ಮೂರೂ ಸೇರಿದ ಚಿಕಿತ್ಸೆ ಪಡೆದವರಲ್ಲಿ ಸಾವು ಜಾಸ್ತಿ ಅಂತ 2012ರಲ್ಲಿ ಪ್ರಕಟವಾದ ಪ್ಯಾಂಥರ್ ಅಧ್ಯಯನ ತೋರಿಸಿತು. ಎಚ್‌ಪಿಯಲ್ಲಿ ಹಾಗಲ್ಲ. ಮೊದಲು ಕಾರಣವಾದ ವಸ್ತುವಿನಿಂದ ದೂರ ಸರಿಸಬೇಕು, ಉರಿಯೂತ ಇದ್ದರೆ ಸ್ಟೀರಾಯ್ಡ್ ಕೆಲಸಕ್ಕೆ ಬರುತ್ತದೆ.

ಮುಧೋಳ ಕಡೆಯ ಒಬ್ಬರ ಸಿಟಿ ಹೇಳಿದರೆ ವಿಷಯ ಬೇಗ ಅರ್ಥವಾಗುತ್ತದೆ. ವಯಸ್ಸು ಐವತ್ತು ದಾಟಿದೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ವರ್ಷದ ಮೇಲಾಯ್ತು, ಒಣ ಕೆಮ್ಮು. ಏರು ಹತ್ತಿದರೆ ದಮ್ಮು. ಬೇರೆಲ್ಲೋ ಎಕ್ಸ್‌ರೇ ನೋಡಿ ಕೆಲವು ತಿಂಗಳು ಟಿಬಿ ಮಾತ್ರೆ ಕೊಟ್ಟಿದ್ದರು. ಕಫದಲ್ಲಿ ಯಾವತ್ತೂ ಟಿಬಿ ಸಿಕ್ಕಿರಲಿಲ್ಲ, ಕೆಮ್ಮೂ ಹೋಗಲಿಲ್ಲ. ಎದೆರೋಗದ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟಾಗ ವೆಲ್ಕ್ರೋ ಪಟ್ಟಿ ಎಳೆದಂಥ ಚರಚರ ಸದ್ದು ಕೇಳಿತ್ತು. ಚೀಟಿಯಲ್ಲಿ 'ಐಪಿಎಫ್?' ಅಂತ ಇತ್ತು.

ಇಂಥವರಿಗೆ ನಾನು ಮೂರು ಸಲ ಚಿತ್ರ ತೆಗೆಸುತ್ತೇನೆ. ಅಂಗಾತ ಮಲಗಿ ಪೂರ್ತಿ ಉಸಿರು ಎಳೆದಾಗ ಒಮ್ಮೆ, ಪೂರ್ತಿ ಬಿಟ್ಟಾಗ ಒಮ್ಮೆ, ಬೋರಲು ಮಲಗಿ ಎಳೆದಾಗ ಇನ್ನೊಮ್ಮೆ. ಪದರ ಒಂದೂವರೆ ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಬೋರಲು ಯಾಕೆಂದರೆ, ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ತನ್ನ ಭಾರಕ್ಕೇ ಒತ್ತಿಕೊಂಡು ಬೆಳ್ಳಗೆ ಕಾಣುತ್ತದೆ. ತಿರುಗಿ ಮಲಗಿಸಿದರೆ ಆ ಬಿಳುಪು ಮಾಯವಾಗುತ್ತದೆ. ನಿಜವಾದ ರೋಗ ಇದ್ದರೆ ಅಲ್ಲೇ ಉಳಿಯುತ್ತದೆ.

ಉಸಿರು ಬಿಟ್ಟ ಚಿತ್ರವನ್ನು ಎಷ್ಟೋ ಕಡೆ ತೆಗೆಯುವುದೇ ಇಲ್ಲ. ತೆಗೆದರೂ ಸುಮ್ನೆ ಹೆಸರಿಗೆ. ಯಂತ್ರದೊಳಗಿಂದ ಬರುವ ಇಂಗ್ಲಿಷ್ ಅಥವಾ ಹಿಂದಿ ಧ್ವನಿ ಕೇಳಿ ನಮ್ಮ ಹಳ್ಳಿಯ ಹಿರಿಯರು ಏನು ಮಾಡಬೇಕು ಹೇಳಿ? ನಮ್ಮ ಟೆಕ್ನಿಷಿಯನ್ ಟೇಬಲ್ ಒಳಗೆ ಕಳಿಸುವ ಮೊದಲೇ ಪಕ್ಕದಲ್ಲಿ ನಿಂತು ರೂಢಿ ಮಾಡಿಸುತ್ತಾನೆ. "ಕಾಕಾ, ಉಸರು ಜಗ್ರಿ... ಈಗ ಪೂರಾ ಬಿಡ್ರಿ, ಇನ್ನೂ ಬಿಡ್ರಿ, ಹೊಟ್ಟಿ ಒಳಗ ಹೋಗ್ಲಿ, ಹಾಂ, ಹಂಗ ತಡೀರಿ." ಚಿತ್ರ ಬಂದ ತಕ್ಷಣ ನಾನು ಶ್ವಾಸಕೋಶಕ್ಕಿಂತ ಮೊದಲು ಶ್ವಾಸನಾಳ ನೋಡುತ್ತೇನೆ. ಅದರ ಹಿಂಬದಿಯ ಗೋಡೆ ಮೆತ್ತಗಿನ ಪೊರೆ. ಉಸಿರು ಸರಿಯಾಗಿ ಬಿಟ್ಟಿದ್ದರೆ ಆ ಗೋಡೆ ಚಪ್ಪಟೆಯಾಗಿರುತ್ತದೆ ಅಥವಾ ಮುಂದಕ್ಕೆ ಬಾಗಿರುತ್ತದೆ. ನಾಳ ಇನ್ನೂ ದುಂಡಗೇ ಇದ್ದರೆ ಅವರು ಉಸಿರು ಬಿಟ್ಟೇ ಇಲ್ಲ. ಆ ಚಿತ್ರ ನೋಡಿ 'ಗಾಳಿ ಸಿಕ್ಕಿಕೊಂಡಿಲ್ಲ' ಅಂತ ಬರೆಯುವುದರಲ್ಲಿ ಅರ್ಥವಿಲ್ಲ.

ಓದುವಾಗ ನಾನು ಅಡ್ಡ ಪದರಗಳಿಂದ ಶುರು ಮಾಡುವುದಿಲ್ಲ. ಮೊದಲು ಮುಂದಿನಿಂದ ನೋಡಿದ ಹಾಗೆ ಜೋಡಿಸಿದ ಕೊರೋನಲ್ ಚಿತ್ರ ತೆರೆದು, ರೋಗ ಎಲ್ಲಿ ಜಾಸ್ತಿ ಇದೆ ಅಂತ ನೋಡುತ್ತೇನೆ. ಐಪಿಎಫ್‌ನಲ್ಲಿ ಕಾಣುವ ವಿನ್ಯಾಸಕ್ಕೆ ಯುಐಪಿ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಶ್ವಾಸಕೋಶದ ಅಂಚಿಗೆ ಅಂಟಿಕೊಂಡಿರುತ್ತದೆ, ಕೆಳಗೆ ಹೋದಷ್ಟೂ ಹೆಚ್ಚುತ್ತದೆ. ಪಕ್ಕೆಯೂ ವಪೆಯೂ ಕೂಡುವ ಕೆಳಮೂಲೆಯಲ್ಲಿ ಅದರ ಕಾಟ ಎಲ್ಲಕ್ಕಿಂತ ಜೋರು. ಈ ಕಾಕಾನ ಚಿತ್ರದಲ್ಲಿ ನಡುಭಾಗ, ಮೇಲ್ಭಾಗ ಎರಡೂ ಹಾಳಾಗಿದ್ದವು. ಕೆಳಮೂಲೆ ಮಾತ್ರ ಸುಮಾರು ಚೆನ್ನಾಗಿತ್ತು. ಗಟ್ಟಿಯಾದ ಜಾಗ ಬರೀ ಅಂಚಿನಲ್ಲಿರಲಿಲ್ಲ, ಒಳಗೆ ಉಸಿರುನಾಳಗಳ ಸುತ್ತಲೂ ಹಬ್ಬಿತ್ತು. ನನ್ನ ಮೊದಲ ಸಂಶಯ ಅಲ್ಲೇ ಶುರುವಾಯಿತು.

ಆಮೇಲೆ ಜೇನುಗೂಡು ಇದೆಯಾ ಅಂತ ಹುಡುಕಿದೆ. ಹನಿಕೋಂಬಿಂಗ್ ಅಂದರೆ ಅಂಚಿನ ಒಳಗೇ ಸಾಲುಸಾಲಾಗಿ, ಒಂದರ ಗೋಡೆ ಇನ್ನೊಂದಕ್ಕೂ ಗೋಡೆಯಾಗಿ ಕೂತ ಗಾಳಿಯ ಕೋಣೆಗಳು. ಹೆಚ್ಚಿನವು 3ರಿಂದ 10 ಮಿಲಿಮೀಟರ್, ಗೋಡೆ ದಪ್ಪ ಮತ್ತು ಸ್ಪಷ್ಟ. ಬಹಳ ಜನ ಎಡವುವುದು ಇಲ್ಲೇ. ಧೂಮಪಾನಿಗಳಲ್ಲಿ ಅಂಚಿಗೆ ಬರುವ ಎಂಫಿಸೆಮಾ, ಅಂದರೆ ಗಾಳಿಗೂಡುಗಳ ಗೋಡೆ ಒಡೆದು ಆಗುವ ಪೊಳ್ಳು, ಕೂಡ ಹೀಗೇ ಕಾಣುತ್ತದೆ. ಆದರೆ ಅದು ಒಂದೇ ಸಾಲು, ಕೋಣೆ ದೊಡ್ಡದು, ಗೋಡೆ ತೆಳು, ಮೇಲ್ಭಾಗದಲ್ಲಿ ಜಾಸ್ತಿ. ಟ್ರ್ಯಾಕ್ಷನ್ ಬ್ರಾಂಕಿಯೆಕ್ಟೇಸಿಸ್ ಇನ್ನೊಂದು ಮೋಸಗಾರ. ಸುತ್ತಲಿನ ಗಟ್ಟಿ ಅಂಗಾಂಶ ಎಳೆದು ಎಳೆದು ಉಸಿರುನಾಳ ಹಿಗ್ಗಿರುತ್ತದೆ. ಅಡ್ಡ ಕತ್ತರಿಸಿದ ಒಂದೇ ಪದರದಲ್ಲಿ ಅದು ಗುಳ್ಳೆಯ ಹಾಗೇ ಕಾಣುತ್ತದೆ. ಪದರ ಮೇಲೆ ಕೆಳಗೆ ಉರುಳಿಸಿದರೆ ಗುಳ್ಳೆ ಉದ್ದವಾಗಿ ಸಾಗಿ ಒಂದು ನಾಳಕ್ಕೆ ಸೇರುತ್ತದೆ. ಕಾಕಾನಲ್ಲಿ ಇದ್ದದ್ದು ಈ ಹಿಗ್ಗಿದ ನಾಳಗಳೇ. ಜೇನುಗೂಡು ಸಿಗಲಿಲ್ಲ. ಅಂದಹಾಗೆ, ಹಳೆಯ ಎಚ್‌ಪಿಯಲ್ಲೂ ಜೇನುಗೂಡು ಬರಬಹುದು. ಹಾಗಾಗಿ ಅದು ಕಂಡ ಮಾತ್ರಕ್ಕೆ ಐಪಿಎಫ್ ಅಂತ ನಾನು ಬರೆಯುವುದಿಲ್ಲ.

ಈಗ ಮುಖ್ಯ ಸಂಗತಿಗೆ ಬರೋಣ. ಉಸಿರು ಎಳೆದ ಚಿತ್ರದಲ್ಲಿ ಶ್ವಾಸಕೋಶ ಮೂರು ಬಣ್ಣದ ತೇಪೆ ಹಚ್ಚಿದ ಕೌದಿಯ ಹಾಗೆ ಇತ್ತು. ಕೆಲವು ತೇಪೆ ಗ್ರೌಂಡ್ ಗ್ಲಾಸ್, ಅಂದರೆ ಮಂಜು ಕವಿದಂಥ ಬಿಳುಪು. ಕೆಲವು ಮಾಮೂಲಿ ಬೂದು. ಕೆಲವು ಮಾಮೂಲಿಗಿಂತ ಕಪ್ಪು. ಒಂದರ ಪಕ್ಕ ಒಂದು, ಗೆರೆ ಕೊಯ್ದಂತೆ ಬೇರೆ ಬೇರೆ. ಒಂದೊಂದು ತೇಪೆಯೂ ಒಂದು ಲೋಬ್ಯೂಲ್, ಶ್ವಾಸಕೋಶದ ಸಣ್ಣ ಘಟಕ, ಒಂದರಿಂದ ಎರಡೂವರೆ ಸೆಂಟಿಮೀಟರ್ ಅಗಲ. 2020ರ ಅಂತರರಾಷ್ಟ್ರೀಯ ಎಚ್‌ಪಿ ಮಾರ್ಗಸೂಚಿ ಇದನ್ನು 'ತ್ರೀ ಡೆನ್ಸಿಟಿ' ವಿನ್ಯಾಸ ಅಂತ ಕರೆದು, ಶ್ವಾಸಕೋಶ ಗಟ್ಟಿಯಾದ ಎಚ್‌ಪಿಯ ಬಲವಾದ ಗುರುತು ಅಂತ ಹೇಳಿದೆ.

ಕಪ್ಪು ತೇಪೆ ನಿಜಕ್ಕೂ ರೋಗದ ಜಾಗವೋ, ಅಥವಾ ಪಕ್ಕದ್ದು ಬೆಳ್ಳಗಿದೆ ಅಂತ ಕಪ್ಪಾಗಿ ಕಾಣುತ್ತಿದೆಯೋ? ಇಲ್ಲಿ ಎರಡು ಪರೀಕ್ಷೆ. ಒಂದು, ರಕ್ತನಾಳಗಳ ಗಾತ್ರ. ಕಾಕಾನ ಕಪ್ಪು ತೇಪೆಗಳಲ್ಲಿ ನಾಳಗಳು ಸಣ್ಣಗಾಗಿದ್ದವು. ಗಾಳಿ ಸರಿಯಾಗಿ ಆಡದ ಕಡೆಗೆ ಶ್ವಾಸಕೋಶ ರಕ್ತವನ್ನೂ ಕಡಿಮೆ ಕಳಿಸುತ್ತದೆ. ಎರಡನೆಯದು ಉಸಿರು ಬಿಟ್ಟ ಚಿತ್ರ. ಸರಿಯಾಗಿರುವ ಭಾಗ ಗಾಳಿ ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಸಣ್ಣ ಉಸಿರುನಾಳ ಕಟ್ಟಿಕೊಂಡ ಭಾಗ ಗಾಳಿ ಹಿಡಿದಿಟ್ಟುಕೊಂಡು ಕಪ್ಪಾಗೇ ಉಳಿಯುತ್ತದೆ. ಅಳತೆ ಹಾಕಿದೆ. ಪಕ್ಕದ ಬೂದು ಜಾಗ, ಗಾಳಿ ಜಾಸ್ತಿ ಇದ್ದಷ್ಟೂ ಸೊನ್ನೆಗಿಂತ ಕೆಳಗೆ ಹೋಗುವ ಹೌನ್ಸ್‌ಫೀಲ್ಡ್ ಲೆಕ್ಕದಲ್ಲಿ, -840ರಿಂದ -720ರ ಹತ್ತಿರ ಬಂತು. ಕಪ್ಪು ತೇಪೆ -890 ಇದ್ದದ್ದು ಬರೀ -870 ಆಯಿತು. ಅಂದರೆ ಅಲ್ಲಿಂದ ಗಾಳಿ ಹೆಚ್ಚುಕಡಿಮೆ ಹೊರಗೆ ಹೋಗೇ ಇಲ್ಲ.

ಒಂದೆರಡು ಲೋಬ್ಯೂಲ್ ಕಪ್ಪಾಗಿ ಉಳಿಯುವುದು ಆರೋಗ್ಯವಂತರಲ್ಲೂ ಉಂಟು. ಅಸ್ತಮಾದಲ್ಲೂ ಗಾಳಿ ಸಿಕ್ಕಿಕೊಳ್ಳುತ್ತದೆ. ಶ್ವಾಸಕೋಶದ ರಕ್ತನಾಳದಲ್ಲಿ ಹಳೆಯ ಹೆಪ್ಪುಗಳಿದ್ದರೂ ಕಪ್ಪು ತೇಪೆ, ಸಣ್ಣ ರಕ್ತನಾಳ ಕಾಣುತ್ತವೆ. ಆದರೆ ಅಲ್ಲಿ ಸಾಮಾನ್ಯವಾಗಿ ಉಸಿರು ಬಿಟ್ಟಾಗ ಆ ಭಾಗವೂ ಬೆಳ್ಳಗಾಗುತ್ತದೆ. ಹಾಗಾಗಿ ಎರಡೂ ಶ್ವಾಸಕೋಶದಲ್ಲಿ, ಅದರ ಐದು ದೊಡ್ಡ ಭಾಗಗಳಾದ ಲೋಬ್‌ಗಳ ಪೈಕಿ ಮೂರು ಅಥವಾ ಹೆಚ್ಚಿನವುಗಳಲ್ಲಿ ಕಂಡರೆ ಮಾತ್ರ ನಾನು ತೂಕ ಕೊಡುತ್ತೇನೆ. ಕಾಕಾನಲ್ಲಿ ಐದೂ ಲೋಬ್‌ಗಳಲ್ಲಿತ್ತು.

ಉಳಿದ ವಿನ್ಯಾಸಗಳನ್ನೂ ಒಮ್ಮೆ ತಳ್ಳಿಹಾಕಿಕೊಂಡೆ. ಎನ್‌ಎಸ್‌ಐಪಿ ಎರಡೂ ಕಡೆ ಸಮನಾಗಿ ಕೆಳಗೆ ಇರುತ್ತದೆ, ಕೆಲವೊಮ್ಮೆ ಅಂಚಿನ ಒಂದು ತೆಳು ಪಟ್ಟಿಯನ್ನು ಬಿಟ್ಟಿರುತ್ತದೆ. ಹಾಗಿದ್ದರೆ ಅನ್ನನಾಳ ಹಿಗ್ಗಿದೆಯಾ ನೋಡಿ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮಾದಂಥ ಕಾಯಿಲೆ ಇದೆಯಾ ಕೇಳಿ ಅಂತ ಬರೆಯುತ್ತೇನೆ. ಇಳಕಲ್ ಕಡೆ ಗ್ರಾನೈಟ್ ಕೆಲಸದವರು ಬಂದರೆ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗಂಟು, ಮೊಟ್ಟೆಯ ಚಿಪ್ಪಿನಂತೆ ಹೊರಸುತ್ತು ಸುಣ್ಣಗಟ್ಟಿದ ದುಗ್ಧಗ್ರಂಥಿ ಹುಡುಕುತ್ತೇನೆ, ಅದು ಸಿಲಿಕೋಸಿಸ್‌ನ ದಾರಿ. ಇಲ್ಲಿ ಅವು ಯಾವುವೂ ಇರಲಿಲ್ಲ.

ರಿಪೋರ್ಟ್ ಬರೆಯುವ ಮೊದಲು ಅವರನ್ನೂ ಅವರ ಮನೆಯವರನ್ನೂ ಒಳಗೆ ಕರೆಸಿದೆ. ರೇಡಿಯಾಲಜಿಸ್ಟ್ ರೋಗಿಯ ಜೊತೆ ಮಾತಾಡುವುದು ನಮ್ಮ ಕಡೆ ಅಪರೂಪ, ಆದರೆ ಎಚ್‌ಪಿ ಸಂಶಯ ಇದ್ದಾಗ ನಾನು ಬಿಡುವುದಿಲ್ಲ. "ಏನ್ ಕೆಲಸ ಮಾಡ್ತೀರಿ ಕಾಕಾ?" ಅಂತ ಕೇಳಿದೆ.

"ಹೊಲದಾಗ ಕೆಲಸ ರಿ ಸರ, ಮತ್ತೇನಿಲ್ಲ."

ಪಕ್ಕದಲ್ಲಿದ್ದ ಕಾಕೂ ತಡೆಯಲಿಲ್ಲ. "ಗಾಣದ ಮಾತ ಹೇಳ್ರಿ. ಕಬ್ಬಿನ ಹಂಗಾಮ ಬಂತಂದ್ರ ಇವ್ರು ಗಾಣದಾಗ ಇರ್ತಾರ ರಿ. ಒಲಿಗೆ ಸಿಪ್ಪಿ ಹಾಕೋದು ಇವ್ರ ಕೆಲಸ."

ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬೆಲ್ಲದ ಗಾಣದಲ್ಲಿ ಒಣಗಿಸಿ, ಒಟ್ಟಿ, ಒಲೆಗೆ ಹಾಕುತ್ತಾರೆ. ಆಗಷ್ಟೇ ಅರೆದ ಸಿಪ್ಪೆಯಿಂದ ಈ ತೊಂದರೆ ಇಲ್ಲ. ತೇವ ಉಳಿದು ಬಣವೆಯೊಳಗೆ ಬಿಸಿಯಾದಾಗ ಶಾಖ ಇಷ್ಟಪಡುವ ಆಕ್ಟಿನೊಮೈಸೀಟ್ ಎಂಬ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬಣವೆ ಕೆದರಿದಾಗ ಏಳುವ ಧೂಳಿನಲ್ಲಿ ಅವುಗಳ ಬೀಜಕಣ ತುಂಬಿರುತ್ತವೆ. ಅದನ್ನು ಉಸಿರಾಡಿ ಬರುವ ಎಚ್‌ಪಿಗೆ ಬಗಾಸೋಸಿಸ್ ಅಂತಲೇ ಹೆಸರಿದೆ. ಹಿಂದಿನ ವರ್ಷದ ಬಣವೆ ತಾಡಪತ್ರಿಯ ಕೆಳಗೆ ಮಳೆಗೆ ನೆಂದಿತ್ತು, ಒಳಗೆ ಬಿಳಿ ಬೂಷ್ಟು ಇತ್ತು ಅಂತ ಕಾಕೂ ಹೇಳಿದರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಪಾರಿವಾಳ ಇದೆಯಾ, ಏರ್ ಕೂಲರ್ ಇದೆಯಾ ಅಂತಲೂ ಕೇಳಿದೆ. 2017ರಲ್ಲಿ ಬಂದ ಭಾರತದ ಐಎಲ್‌ಡಿ ನೋಂದಣಿಯಲ್ಲಿ 1,084 ರೋಗಿಗಳ ಪೈಕಿ ಹೆಚ್ಚು ಕಡಿಮೆ ಅರ್ಧ ಎಚ್‌ಪಿಯವರೇ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏರ್ ಕೂಲರ್ ಸಂಪರ್ಕ ಇತ್ತು. ನಮ್ಮ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಎಷ್ಟಿದ್ದಾವು? ಇವರ ಮನೆಯಲ್ಲಿ ಕೂಲರ್ ಇರಲಿಲ್ಲ, ಪಾರಿವಾಳವೂ ಇರಲಿಲ್ಲ. ಸಿಟಿ 'ಇದು ಎಚ್‌ಪಿ ವಿನ್ಯಾಸ' ಅನ್ನುತ್ತದೆ, ಯಾವ ವಸ್ತುವಿನಿಂದ ಅಂತ ಅದಕ್ಕೆ ಹೇಳಲಾಗದು. ಅದನ್ನು ಕೇಳಿಯೇ ತಿಳಿಯಬೇಕು.

ರಿಪೋರ್ಟ್‌ನಲ್ಲಿ ಬರೆದದ್ದು ಇಷ್ಟು: ಶ್ವಾಸಕೋಶ ಗಟ್ಟಿಯಾದ ಎಚ್‌ಪಿಯ ವಿಶಿಷ್ಟ ವಿನ್ಯಾಸ, ಯುಐಪಿ ಅಲ್ಲ, ಹಳೆ ಕಬ್ಬಿನ ಸಿಪ್ಪೆಯ ಧೂಳಿನ ಸಂಪರ್ಕ ಇದೆ. ಎದೆರೋಗದ ಡಾಕ್ಟರು ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಉಸಿರುನಾಳದೊಳಗೆ ಕೊಳವೆ ಇಳಿಸಿ, ಶ್ವಾಸಕೋಶ ತೊಳೆದು ತೆಗೆದ ದ್ರವದ ಜೀವಕೋಶಗಳಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ 38 ಶೇಕಡ ಬಂತು. 30ರ ಮೇಲಿದ್ದರೆ ಎಚ್‌ಪಿ ಕಡೆಗೆ ತೂಕ. ವಿನ್ಯಾಸ, ಸಂಪರ್ಕ, ದ್ರವ ಮೂರೂ ಒಂದೇ ಕಡೆ ಬೊಟ್ಟು ಮಾಡಿದ್ದರಿಂದ ತುಣುಕು ತೆಗೆಯುವ ಬಯಾಪ್ಸಿ ಬೇಡ ಅಂತ ಸೇರಿ ತೀರ್ಮಾನಿಸಿದೆವು.

"ಬಾಯಿಗೆ ಟವೆಲ್ ಕಟ್ಕೊಂಡು ಮಾಡ್ಲೇನ್ರಿ?" ಅಂತ ಕಾಕಾ ಕೇಳಿದರು. ಬೇಡ, ಬಣವೆ ಹತ್ತಿರವೇ ಹೋಗಬೇಡಿ ಅಂತ ಇಬ್ಬರೂ ಡಾಕ್ಟರು ಹೇಳಿದೆವು. ಆ ಕಣಗಳು ಟವೆಲ್‌ಗೆ ನಿಲ್ಲುವಂಥವಲ್ಲ. ಈಗ ಅವರು ಒಲೆಯ ಕೆಲಸ ಬಿಟ್ಟಿದ್ದಾರೆ, ಎದೆರೋಗದ ಡಾಕ್ಟರು ಶುರು ಮಾಡಿದ್ದ ಸ್ಟೀರಾಯ್ಡ್ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಿದ್ದಾರೆ. ಕೆಲವು ತಿಂಗಳ ನಂತರದ ಸಿಟಿಯಲ್ಲಿ ಮಂಜಿನ ಬಿಳುಪು ಸಾಕಷ್ಟು ಕರಗಿತ್ತು. ಹಿಗ್ಗಿದ ಉಸಿರುನಾಳಗಳು ಇದ್ದಲ್ಲೇ ಇದ್ದವು, ಅವು ಮತ್ತೆ ಮೊದಲಿನಂತಾಗುವುದಿಲ್ಲ. ಮುಂದಿನ ಸಲ ಅದೇ ಮಟ್ಟದ ಪದರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಆ ನಾಳಗಳನ್ನೇ. ಅವು ಇನ್ನೂ ಹಿಗ್ಗಿ, ಉಸಿರಿನ ಪರೀಕ್ಷೆಯಲ್ಲಿ ಎಫ್‌ವಿಸಿಯೂ, ಅಂದರೆ ಪೂರ್ತಿ ಎಳೆದು ಜೋರಾಗಿ ಹೊರಗೆ ಹಾಕುವ ಗಾಳಿಯ ಪ್ರಮಾಣವೂ, ಇಳಿದರೆ, ಶ್ವಾಸಕೋಶ ಗಟ್ಟಿಯಾಗುವುದನ್ನು ನಿಧಾನಗೊಳಿಸುವ ನಿಂಟೆಡಾನಿಬ್ ಮಾತ್ರೆ ಶುರು ಮಾಡುವ ಮಾತು ಬರುತ್ತದೆ.